ಫೋಟೊದ ಮೇಲಿನ ತಾರೀಖು, ವಾಟರ್‌ಮಾರ್ಕ್, ಸ್ಟಿಕರ್: ಎಐ ವಿವರಣೆಯಲ್ಲಿ ಇವುಗಳ ಪಾಡು

ಫೋಟೊ ನೋಡಿ ಅದರಲ್ಲಿ ಏನಿದೆ ಎಂದು ಬರೆಯುವ ಎಐ ಮಾದರಿಗೆ ಎಲ್ಲವೂ ಪಿಕ್ಸೆಲ್‌ಗಳೇ. ಕ್ಯಾಮೆರಾದ ಎದುರು ನಿಂತ ಮಗುವೂ ಪಿಕ್ಸೆಲ್, ಮೂಲೆಯಲ್ಲಿ ಮೂಡಿದ ತಾರೀಖೂ ಪಿಕ್ಸೆಲ್. ಯಾವುದು ದೃಶ್ಯಕ್ಕೆ ಸೇರಿದ್ದು, ಯಾವುದು ದೃಶ್ಯದ ಮೇಲೆ ಬಂದು ಕೂತದ್ದು ಎಂಬುದನ್ನು ಮಾದರಿ ಕಲಿತೇ ತಿಳಿಯಬೇಕು. ಕಣ್ಣು ಕಾಣದವರು ಮೊಬೈಲಿನಲ್ಲಿ ಓದಿಸಿ ಕೇಳುವುದು ಈ ವಿವರಣೆಯನ್ನೇ ಆದ್ದರಿಂದ, ಇವೆರಡೂ ಬೆರೆತರೆ ಕೇಳುವವರಿಗೆ ತಪ್ಪು ಹಿಡಿಯುವ ದಾರಿಯೇ ಇರುವುದಿಲ್ಲ.

ಹಳೆಯ ಆಲ್ಬಮ್ಮಿನ ಒಂದು ಫೋಟೊ ತೆಗೆದುಕೊಳ್ಳೋಣ. ಹೆಂಚಿನ ಮನೆಯ ಮೆಟ್ಟಿಲ ಮೇಲೆ ಅಜ್ಜಿ, ಮಡಿಲಲ್ಲಿ ಮಗು. ಬಲಗಡೆ ಕೆಳಮೂಲೆಯಲ್ಲಿ ಕಿತ್ತಳೆ ಬಣ್ಣದ 5 6 '02. ‘2002ರ ಮೇ 6ರಂದು ತೆಗೆದ ಫೋಟೊ’ ಎಂದು ಮಾದರಿ ಬರೆದರೆ ಅದು ಎರಡು ಕಡೆ ಊಹೆ ಮಾಡಿದಂತೆ. ರೀಲ್ ಕ್ಯಾಮೆರಾಗಳಲ್ಲಿ ದಿನ, ತಿಂಗಳು, ವರ್ಷದ ಕ್ರಮವನ್ನು ಬಳಸುವವರೇ ಬದಲಿಸಬಹುದಿತ್ತು. ಹಾಗಾಗಿ ಇದು ಜೂನ್ 5 ಕೂಡ ಆಗಬಹುದು. ಬ್ಯಾಟರಿ ಬದಲಿಸಿದಾಗ ತಾರೀಖು ಅಳಿಸಿಹೋಗಿ, ಮತ್ತೆ ಸರಿಮಾಡದೆ ತಪ್ಪು ತಾರೀಖಿನಲ್ಲೇ ರೀಲು ಮುಗಿಸಿದ ಮನೆಗಳೂ ಇದ್ದವು. ಆದ್ದರಿಂದ ಸರಿಯಾದ ವಿವರಣೆ ಮೊದಲು ಅಜ್ಜಿ, ಮಗು, ಮೆಟ್ಟಿಲುಗಳನ್ನು ಹೇಳಿ, ಕೊನೆಗೆ ‘ಬಲ ಕೆಳಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ 5 6 '02 ಎಂದು ಮುದ್ರಿತವಾಗಿದೆ’ ಎನ್ನುತ್ತದೆ. ಕಂಡದ್ದನ್ನು ಕಂಡಂತೆ ಹೇಳುವುದಷ್ಟೇ ಅದರ ಕೆಲಸ. ಯಾವ ದಿನ ಎಂಬುದನ್ನು ಮನೆಯವರು ತೀರ್ಮಾನಿಸಿಕೊಳ್ಳುತ್ತಾರೆ.

ಆ ಅಂಕಿಗಳು ಮಾದರಿಗೆ ಸರಿಯಾಗಿ ಕಾಣುತ್ತವೆಯೇ ಎಂಬುದು ಬೇರೆಯೇ ಪ್ರಶ್ನೆ. 2021ರಲ್ಲಿ ಬಂದ ಕ್ಲಿಪ್ ಎಂಬ ಮಾದರಿಯ ದೊಡ್ಡ ಆವೃತ್ತಿ ಚಿತ್ರವನ್ನು 336 ಪಿಕ್ಸೆಲ್‌ಗಳ ಚೌಕಕ್ಕೆ ಇಳಿಸಿ, 14 ಪಿಕ್ಸೆಲ್ ಅಗಲದ 576 ತುಂಡುಗಳಾಗಿ ನೋಡುತ್ತದೆ. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಫೋಟೊ ಇದಕ್ಕೆ ಹೋದಾಗ ಸುಮಾರು ಒಂಬತ್ತು ಪಟ್ಟು ಕುಗ್ಗುತ್ತದೆ. ನೂರು ಪಿಕ್ಸೆಲ್ ಎತ್ತರದ ಅಂಕಿ ಹನ್ನೊಂದು ಪಿಕ್ಸೆಲ್ ಆಗಿ, ಒಂದು ತುಂಡಿನೊಳಗೇ ಮುದುಡುತ್ತದೆ. 5 ಯಾವುದು, 6 ಯಾವುದು ಎಂಬುದು ಮಸುಕಾಗುತ್ತದೆ. ಅಷ್ಟೇ ಅಲ್ಲ, ಚೌಕ ಮಾಡುವಾಗ ಎಡಬಲದ ಅಂಚುಗಳನ್ನು ಕತ್ತರಿಸುವುದರಿಂದ ಮೂಲೆಯ ತಾರೀಖು ಪೂರ್ತಿಯಾಗಿಯೇ ಬಿಟ್ಟುಹೋಗಬಹುದು. ಚಿತ್ರವನ್ನು ಭಾಗಭಾಗವಾಗಿ, ಹೆಚ್ಚು ಪಿಕ್ಸೆಲ್‌ಗಳೊಂದಿಗೆ ನೋಡುವ ಹೊಸ ಮಾದರಿಗಳಲ್ಲಿ ಈ ತೊಂದರೆ ಕಡಿಮೆ. ಅನುಮಾನವಿದ್ದರೆ ಮೂಲೆಯನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ ಮತ್ತೆ ಕೊಟ್ಟು ನೋಡಬೇಕು. ಉತ್ತರ ಬದಲಾದರೆ ಮೊದಲನೆಯದು ಊಹೆಯಾಗಿತ್ತೆಂದೇ ಅರ್ಥ.

ವಾಟರ್‌ಮಾರ್ಕಿನ ಅಪಾಯ ಇನ್ನೂ ಆಳದಲ್ಲಿದೆ, ಏಕೆಂದರೆ ಅದು ಕಲಿಕೆಯಲ್ಲೇ ಬೆರೆಯುತ್ತದೆ. ಜರ್ಮನಿಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಚಿತ್ರದಲ್ಲಿ ಕುದುರೆ ಇದೆಯೇ ಎಂದು ಗುರುತಿಸುವ ವ್ಯವಸ್ಥೆಯೊಂದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಅದು ಚಿತ್ರದ ಯಾವ ಭಾಗವನ್ನು ನೆಚ್ಚಿಕೊಂಡಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಕುದುರೆಯಲ್ಲ, ಕೆಳಗಿನ ಎಡಮೂಲೆಯ ಸಣ್ಣ ಬರಹ. ಕಲಿಕೆಗೆ ಬಳಸಿದ ಕುದುರೆ ಚಿತ್ರಗಳಲ್ಲಿ ಸುಮಾರು ಐದರಲ್ಲೊಂದು ಭಾಗಕ್ಕೆ ಅದೇ ಮೂಲದ ಗುರುತಿತ್ತು. ಆ ಬರಹವನ್ನು ಕಾರಿನ ಚಿತ್ರಕ್ಕೆ ಅಂಟಿಸಿದಾಗ ವ್ಯವಸ್ಥೆ ಅದನ್ನೂ ಕುದುರೆ ಎಂದಿತು. ವಿವರಣೆ ಬರೆಯುವ ಮಾದರಿಯನ್ನೂ ಹೀಗೆಯೇ ಪರೀಕ್ಷಿಸಬಹುದು: ಗುರುತನ್ನು ಮುಚ್ಚಿ ಒಮ್ಮೆ, ಮುಚ್ಚದೆ ಒಮ್ಮೆ ಕೇಳಬೇಕು. ದೃಶ್ಯದ ವಿವರಣೆ ಎರಡೂ ಸಲ ಒಂದೇ ಆಗಿರಬೇಕು. 2022ರಲ್ಲಿ ಬಂದ ಲಾಯಾನ್-5ಬಿ ಚಿತ್ರಸಂಗ್ರಹದಲ್ಲಿ ಪ್ರತಿ ಚಿತ್ರಕ್ಕೂ ವಾಟರ್‌ಮಾರ್ಕ್ ಇರುವ ಸಂಭವ ಎಷ್ಟೆಂದು ಅಂಕ ಕೊಟ್ಟಿದ್ದರಿಂದ, ಬೇಡವೆಂದವರು ಅಂಥ ಚಿತ್ರಗಳನ್ನು ಮೊದಲೇ ಸೋಸಬಹುದಾಯಿತು.

ಸ್ಟಿಕರ್‌ನಲ್ಲಿ ಎರಡು ಬಗೆ. ಸೇಬಿನ ಮೇಲೆ ‘ಐಪಾಡ್’ ಎಂದು ಬರೆದ ಚೀಟಿ ಅಂಟಿಸಿದಾಗ ಕ್ಲಿಪ್ ಅದನ್ನು ಐಪಾಡ್ ಎಂದೇ ಹೇಳಿದ್ದು 2021ರಲ್ಲಿ ಸುದ್ದಿಯಾಯಿತು. ಆದರೆ ಆ ಚೀಟಿ ನಿಜವಾದ ವಸ್ತು. ‘ಚೀಟಿ ಅಂಟಿಸಿದ ಸೇಬು’ ಎಂಬುದೇ ಸರಿಯಾದ ಮಾತು. ಮೊಬೈಲಿನಲ್ಲಿ ಆಮೇಲೆ ಇಟ್ಟ ಕೆಂಪು ಹೃದಯ ಹಾಗಲ್ಲ. ಅದರ ಅಂಚು ಚೂಪು, ಅದರ ಮೇಲೆ ಕೋಣೆಯ ಬೆಳಕು ಬೀಳುವುದಿಲ್ಲ, ವಸ್ತುಗಳ ಓರೆಯನ್ನು ಅದು ಅನುಸರಿಸುವುದಿಲ್ಲ. ಈ ಸುಳಿವುಗಳನ್ನು ಹಿಡಿಯದ ಮಾದರಿ ‘ಮಗು ಕೆಂಪು ಬಲೂನು ಹಿಡಿದಿದೆ’ ಎಂದು ಬರೆದುಬಿಡುತ್ತದೆ. ಸ್ಟಿಕರ್ ಮುಖವನ್ನು ಮುಚ್ಚಿದ್ದರೆ ಮುಖ ಮುಚ್ಚಿದೆ ಎನ್ನಬೇಕೇ ಹೊರತು ಅದರ ಹಿಂದೆ ನಗು ಇದೆ ಎನ್ನಬಾರದು. ಎಷ್ಟೋ ಸಲ ತಾಯಿತಂದೆ ಬೇಕೆಂದೇ ಮಗುವಿನ ಮುಖ ಮರೆಮಾಡಿರುತ್ತಾರೆ.

ಮೇಲಿನ ಬರಹಕ್ಕೇ ಮೊದಲ ಸ್ಥಾನ ಸಿಗಬೇಕಾದ ಫೋಟೊಗಳೂ ಇವೆ. ಕಾಮಗಾರಿ ನಡೆದ ಜಾಗದಲ್ಲಿ ಅಕ್ಷಾಂಶ, ರೇಖಾಂಶ, ಸಮಯ ಮೂಡುವಂತೆ ತೆಗೆದ ಫೋಟೊದಲ್ಲಿ ಆ ಪಟ್ಟಿಯೇ ದಾಖಲೆ. ಅಲ್ಲಿ ‘ಅಗೆದ ಕಾಲುವೆ, ಪಕ್ಕದಲ್ಲಿ ಇಬ್ಬರು’ ಎಂದಷ್ಟೇ ಹೇಳಿ ಪಟ್ಟಿಯ ಅಂಕಿಗಳನ್ನು ಬಿಟ್ಟ ವಿವರಣೆ ಅರ್ಧ ಕೆಲಸವನ್ನಷ್ಟೇ ಮಾಡಿರುತ್ತದೆ.