ನಿಮಗಿದು ಗೊತ್ತೆ? ಬಿಗಿದ ಮುಚ್ಚಳದ ಬಿಡುಗಡೆ

ಗಾಜಿನ ಸೀಸೆಯ ತಗಡಿನ ಮುಚ್ಚಳವು ತಿರುಗದಿರುವುದು ಸಾಮಾನ್ಯವಾಗಿ ಎರಡು ಕಾರಣಗಳಿಂದ: ಹೊಸ ಸೀಸೆಯಾದರೆ ಒಳಗಿನ ಗಾಳಿಯ ಒತ್ತಡವು ಕಡಮೆಯಿರುವುದರಿಂದ ಹೊರಗಿನ ವಾಯುಭಾರವು ಅದನ್ನು ಅದುಮಿ ಹಿಡಿದಿರುತ್ತದೆ, ಬಳಸುತ್ತಿರುವ ಸೀಸೆಯಾದರೆ ಜೇನು, ಜಾಮುಗಳ ಪಾಕವು ತಿರುಪಿನ ಸುತ್ತುಗಳಲ್ಲಿ ಒಣಗಿ ಅಂಟಾಗಿರುತ್ತದೆ. ಮೊದಲನೆಯದಕ್ಕೆ, ಚಮಚದ ತುದಿಯನ್ನು ಮುಚ್ಚಳದ ಅಂಚಿನಡಿ ಸೇರಿಸಿ, ಗಾಜಿನ ಮೇಲೆ ಬಲ ಬೀಳದಂತೆ ಮೆಲ್ಲನೆ ಹೊರಮುಖವಾಗಿ ಮೀಟಿದರೆ, ‘ಟಪ್’ ಎಂಬ ಸದ್ದಿನೊಡನೆ ಗಾಳಿಯು ಒಳಹೊಕ್ಕು ಬಿಗಿತವು ಕಳೆಯುವುದು. ಎರಡನೆಯದಕ್ಕೆ, ಸೀಸೆಯನ್ನು ತಲೆಕೆಳಗಾಗಿಸಿ, ಮುಚ್ಚಳವಷ್ಟೇ ಮುಳುಗುವಂತೆ, ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ 2 ನಿಮಿಷ ಹಿಡಿಯತಕ್ಕದ್ದು. ತಗಡು ಗಾಜಿಗಿಂತ ಶೀಘ್ರವಾಗಿ ಕಾದು ಅಧಿಕವಾಗಿ ಹಿಗ್ಗುವುದಲ್ಲದೆ ಪಾಕವೂ ಮೆತ್ತಗಾಗುವುದರಿಂದ, ಒರಸಿ ಒಣಬಟ್ಟೆಯಿಂದ ಹಿಡಿದು ತಿರುಗಿಸಿದೊಡನೆ ಅದು ಬಿಟ್ಟುಕೊಳ್ಳುವುದು. ಫ್ರಿಜ್ಜಿನಿಂದ ಆಗತಾನೆ ತೆಗೆದ ಸೀಸೆಗೆ ಮಾತ್ರ ಈ ಉಪಾಯವು ಸಲ್ಲದು. ಹಠಾತ್ತಾದ ತಾಪಭೇದದಿಂದ ಗಾಜು ಬಿರುಕುಬಿಡಬಹುದು.