ಒಂದು ಶೃಂಗದಿಂದ ಬೆಳೆಯುವ ಮರ

ಕೆಲವು ಶೃಂಗಗಳು, ಅವನ್ನು ಜೋಡಿಸುವ ಅಂಚುಗಳು, ಪ್ರತಿ ಅಂಚಿಗೂ ಒಂದು ತೂಕ: ಇದು ನಮ್ಮ ಗ್ರಾಫ್. ಎಲ್ಲ ಶೃಂಗಗಳನ್ನೂ ಜೋಡಿಸುವ, ಎಲ್ಲೂ ಸುತ್ತು ಇಲ್ಲದ, ಒಟ್ಟು ತೂಕ ಅತಿ ಕಡಿಮೆ ಇರುವ ಅಂಚುಗಳ ಗುಂಪೇ ಮಿನಿಮಮ್ ಸ್ಪ್ಯಾನಿಂಗ್ ಟ್ರೀ. ಅದನ್ನು ಕಟ್ಟುವ ಎರಡು ದಾರಿಗಳು ಪ್ರಸಿದ್ಧ. 1956ರಲ್ಲಿ ಕ್ರುಸ್ಕಲ್ ಹೇಳಿದ ದಾರಿಯಲ್ಲಿ ಎಲ್ಲ ಅಂಚುಗಳನ್ನೂ ತೂಕದ ಏರಿಕೆಯಲ್ಲಿ ಜೋಡಿಸಿಕೊಂಡು, ಸುತ್ತು ಮಾಡದ ಅಂಚನ್ನು ಒಂದೊಂದಾಗಿ ಆರಿಸುತ್ತೇವೆ. ಇನ್ನೊಂದರಲ್ಲಿ ಒಂದೇ ಶೃಂಗದಿಂದ ಹೊರಟು ಮರವನ್ನು ಬೆಳೆಸುತ್ತಾ ಹೋಗುತ್ತೇವೆ. ಇದನ್ನು 1930ರಲ್ಲಿ ಯಾರ್ನಿಕ್ ಕಂಡುಕೊಂಡ. ಬೆಲ್ ಪ್ರಯೋಗಾಲಯದ ಪ್ರಿಮ್ 1957ರಲ್ಲಿ ಅದನ್ನೇ ಸ್ವತಂತ್ರವಾಗಿ ಪ್ರಕಟಿಸಿದ್ದರಿಂದ ಅವನ ಹೆಸರೇ ಉಳಿದಿದೆ.

ಪ್ರಿಮ್ ವಿಧಾನದಲ್ಲಿ ಮರದ ಹೊರಗಿರುವ ಪ್ರತಿ ಶೃಂಗಕ್ಕೂ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳುತ್ತೇವೆ. ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಆ ಸಂಖ್ಯೆ ಹೊರಟ ಶೃಂಗದಿಂದ ಇರುವ ದೂರವಲ್ಲ. ಈವರೆಗೆ ಬೆಳೆದ ಮರದ ಯಾವುದಾದರೂ ಶೃಂಗದಿಂದ ಅದಕ್ಕೆ ಬರುವ ಅತಿ ಹಗುರ ಅಂಚಿನ ತೂಕ, ಅಷ್ಟೇ.

ಕ, ಖ, ಗ, ಘ ಎಂಬ ನಾಲ್ಕು ಶೃಂಗಗಳನ್ನು ತೆಗೆದುಕೊಳ್ಳೋಣ. ಕಖ 4, ಕಗ 7, ಕಘ 9, ಖಗ 2, ಖಘ 8, ಗಘ 5. ಕ ಇಂದ ಹೊರಟರೆ, ಈ ಸಂಖ್ಯೆಗಳನ್ನು ಇಡುವ ಹೀಪ್‌ನಲ್ಲಿ ಖ:4, ಗ:7, ಘ:9 ಇರುತ್ತವೆ. ಅತಿ ಚಿಕ್ಕದು ಖ, ಅದು ಮರ ಸೇರುತ್ತದೆ. ಖ ಇಂದ ನೋಡಿದಾಗ ಗ 2ಕ್ಕೂ ಘ 8ಕ್ಕೂ ಇಳಿಯುತ್ತವೆ. ಮುಂದೆ ಗ ಸೇರುತ್ತದೆ, ಆಗ ಘ 5ಕ್ಕೆ ಇಳಿಯುತ್ತದೆ. ಕೊನೆಗೆ ಘ. ಒಟ್ಟು 4 + 2 + 5 = 11.

ಈಗ ತಪ್ಪಾಗಿ ಕ ಇಂದ ದೂರವನ್ನು ಕೂಡುತ್ತಾ ಹೋಗಿ ನೋಡಿ. ಘಗೆ ಗ ಮೂಲಕ ಹೋದರೆ 11, ನೇರವಾಗಿ 9. ಆದ್ದರಿಂದ ಕಘ ಅಂಚೇ ಉಳಿದು ಒಟ್ಟು 15 ಆಗುತ್ತದೆ. ಅದು ಡೈಕ್‌ಸ್ಟ್ರಾನ ಸಮೀಪದ ದಾರಿಗಳ ಮರ, ನಮಗೆ ಬೇಕಾದದ್ದಲ್ಲ. ಎರಡೂ ಪ್ರೋಗ್ರಾಮ್‌ಗಳಿಗೆ ಒಂದೇ ಸಾಲಿನ ವ್ಯತ್ಯಾಸ. ತಪ್ಪು ಮರವೂ ಎಲ್ಲ ಶೃಂಗಗಳನ್ನು ಜೋಡಿಸುವುದರಿಂದ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಚಿಕ್ಕ ಗ್ರಾಫ್‌ನಲ್ಲಿ ಕ್ರುಸ್ಕಲ್‌ನ ಒಟ್ಟು ತೂಕದೊಂದಿಗೆ ಹೋಲಿಸಿದರೆ ಬಯಲಾಗುತ್ತದೆ.

ದಟ್ಟ ಗ್ರಾಫ್‌ಗೆ ಬರೋಣ. 1,000 ಶೃಂಗಗಳಲ್ಲಿ ಪ್ರತಿಯೊಂದೂ ಉಳಿದೆಲ್ಲದಕ್ಕೂ ಜೋಡಿಕೊಂಡಿದ್ದರೆ ಅಂಚುಗಳು 4,99,500. ಮರಕ್ಕೆ ಬೇಕಾದದ್ದು 999 ಮಾತ್ರ. ಕ್ರುಸ್ಕಲ್ 999 ಸಿಕ್ಕ ಕೂಡಲೇ ನಿಲ್ಲಬಹುದು ನಿಜ, ಆದರೆ ಅಷ್ಟರಲ್ಲಿ ಎಲ್ಲ ಅಂಚುಗಳ ಜೋಡಣೆ ಮುಗಿದಿರುತ್ತದೆ. ಅದಕ್ಕೇ ಸುಮಾರು 90 ಲಕ್ಷ ಹೋಲಿಕೆಗಳು ಖರ್ಚಾಗಿರುತ್ತವೆ.

ಪ್ರಿಮ್ ವಿಧಾನದಲ್ಲಿ ಹೀಪ್ ಬಳಸಿದ ಮಾತ್ರಕ್ಕೆ ಈ ಖರ್ಚು ತಪ್ಪುತ್ತದೆಯೇ? ಇಲ್ಲ. ಕಂಡ ಅಂಚನ್ನೆಲ್ಲ ಹೀಪ್‌ಗೆ ತುಂಬಿದರೆ, ಜೋಡಣೆಯ ಕೆಲಸವನ್ನೇ ಬೇರೆ ಹೆಸರಿನಲ್ಲಿ ಮಾಡಿದಂತಾಗುತ್ತದೆ. ಉಳಿತಾಯ ಬರುವುದು ಈ ಷರತ್ತಿನಿಂದ:

```python
if v not in tree and w < key[v]:
    key[v] = w
    heappush(heap, (w, v))
```

ಹಿಂದಿನದಕ್ಕಿಂತ ಹಗುರವಾದ ಅಂಚು ಕಂಡಾಗ ಮಾತ್ರ ಹೀಪ್ ಮುಟ್ಟುತ್ತೇವೆ. ತೂಕಗಳು ಯಾದೃಚ್ಛಿಕವಾಗಿದ್ದರೆ ಒಂದು ಶೃಂಗಕ್ಕೆ 999 ಅಂಚುಗಳು ಎದುರಾದರೂ ಹೊಸ ಕನಿಷ್ಠ ಸಿಗುವುದು ಸರಾಸರಿ ಏಳು ಸಲದಷ್ಟು! ಹೀಗೆ ಹೀಪ್‌ಗೆ ಹೋಗುವ ನಮೂದುಗಳು ಲಕ್ಷಗಳಿಂದ ಕೆಲವು ಸಾವಿರಕ್ಕೆ ಇಳಿಯುತ್ತವೆ. ಹಳೆಯ ನಮೂದುಗಳು ಹೀಪ್‌ನಲ್ಲಿ ಉಳಿದೇ ಇರುತ್ತವೆ. ಹೊರಬಂದ ಶೃಂಗ ಆಗಲೇ ಮರದಲ್ಲಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಬೇಕು.

ಆದರೆ ತೂಕಗಳು ಪ್ರತಿಕೂಲವಾಗಿ ಬಂದು ಪ್ರತಿ ಅಂಚೂ ಹಿಂದಿನದಕ್ಕಿಂತ ಹಗುರವಾಗಿದ್ದರೆ, ಹೀಪ್ ಮತ್ತೆ ಜೋಡಣೆಯಷ್ಟೇ ದುಬಾರಿ. ಅಂಥಲ್ಲಿ ಹೀಪ್ ಬಿಟ್ಟು ಸಾದಾ ಪಟ್ಟಿಯೇ ಮೇಲು. ಪ್ರತಿ ಸುತ್ತಿನಲ್ಲೂ ಹೊರಗಿನ ಶೃಂಗಗಳ ಸಂಖ್ಯೆಗಳನ್ನು ತಿದ್ದಿ, ಅವುಗಳಲ್ಲಿ ಅತಿ ಚಿಕ್ಕದನ್ನು ಹುಡುಕಿದರೆ ಒಟ್ಟು ಸುಮಾರು 10 ಲಕ್ಷ ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ, ತೂಕಗಳು ಹೇಗೇ ಇರಲಿ.

ನೆನಪಿನ ಜಾಗದಲ್ಲೂ ಇದೇ ಕಥೆ. ನಕ್ಷೆಯ 10,000 ಬಿಂದುಗಳ ನಡುವಿನ ದೂರವೇ ತೂಕವಾದರೆ ಕ್ರುಸ್ಕಲ್ ಸುಮಾರು 5 ಕೋಟಿ ಅಂಚುಗಳನ್ನು ಬರೆದಿಟ್ಟು ಜೋಡಿಸಬೇಕು. ಪ್ರಿಮ್ ವಿಧಾನ ದೂರವನ್ನು ಬೇಕಾದಾಗ ಲೆಕ್ಕ ಹಾಕಿ, ಬಿಂದುವಿಗೊಂದು ಸಂಖ್ಯೆ ಮತ್ತು ಅದು ಯಾವ ಬಿಂದುವಿನಿಂದ ಬಂತೆಂಬ ಗುರುತನ್ನಷ್ಟೇ ಇಟ್ಟುಕೊಳ್ಳುತ್ತದೆ.

ಅಂಚುಗಳು ವಿರಳವಾಗಿದ್ದರೆ ಎರಡರಲ್ಲಿ ಯಾವುದಾದರೂ ಸರಿ. ಗ್ರಾಫ್ ಪೂರ್ತಿ ದಟ್ಟವಾಗಿದ್ದರೆ ಪ್ರಿಮ್ ಮತ್ತು ಸಾದಾ ಪಟ್ಟಿ. ನಡುವಿನವಕ್ಕೆ ಷರತ್ತಿನೊಂದಿಗೆ ಹೀಪ್. ಇಷ್ಟು ತಿಳಿದವರು ಫ್ರೆಡ್‌ಮನ್ ಮತ್ತು ಟಾರ್ಜನ್ ರೂಪಿಸಿದ ಫಿಬೊನಾಚಿ ಹೀಪ್ ಅನ್ನು ತಪ್ಪದೆ ಓದಬೇಕು. ಸಂಖ್ಯೆ ಇಳಿಸುವ ಕೆಲಸವನ್ನು ಸರಾಸರಿಯಲ್ಲಿ ಸ್ಥಿರ ಖರ್ಚಿಗೆ ತಂದು, ದಟ್ಟ ಮತ್ತು ವಿರಳ ಗ್ರಾಫ್‌ಗಳೆರಡಕ್ಕೂ ಒಂದೇ ರಚನೆ ಸಾಕಾಗುವುದು ಹೇಗೆಂದು ಅಲ್ಲಿ ಕಾಣುತ್ತದೆ.