ನಿಮ್ಮ ಹೆಸರಲ್ಲಿ ಎಷ್ಟು ಖಾತೆ ಉಂಟು?

ಕಡಬದ ನನ್ನ ರೂಮ್‌ಮೇಟ್‌ಗೆ ಮೂರು ಬ್ಯಾಂಕ್ ಖಾತೆ. ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆಂದು ಊರಲ್ಲಿ ತೆರೆದದ್ದು ಒಂದು, ಇಂಜಿನಿಯರಿಂಗ್ ಸೇರಿದಾಗ ಪುತ್ತೂರಿನಲ್ಲಿ ಒಂದು, ಆಫರ್ ಕಂಡು ಮೊಬೈಲಿನಲ್ಲೇ ತೆರೆದದ್ದು ಮತ್ತೊಂದು. ಈ ಮೂರನೆಯದರಲ್ಲಿ ದಂಡ ಬಿತ್ತು. "ಐದು ಸಾವಿರ ಹಾಕಿದ್ದೆ ಮಾರಾಯ, ಮತ್ತೆಂತಕ್ಕೆ ದಂಡ?" ಅಂತ ಅವನ ತಕರಾರು.

ಆ ಖಾತೆಗೆ ಬೇಕಿದ್ದದ್ದು ತಿಂಗಳ ಸರಾಸರಿ 2000 ರೂಪಾಯಿ. ಪ್ರತಿದಿನದ ಕೊನೆಯ ಬ್ಯಾಲೆನ್ಸ್ ಕೂಡಿಸಿ ದಿನಗಳಿಂದ ಭಾಗಿಸುತ್ತಾರೆ. ಅವನ 5000 ಐದೇ ದಿನ ಇತ್ತು, ಆರನೇ ದಿನ ಮೆಸ್ ಬಿಲ್ಲಿಗೆ ಹೋಯಿತು. 25,000 ಭಾಗಿಸು 30, ಅಂದರೆ ಸರಾಸರಿ ಬರೀ 833. ಉಳಿದ 25 ದಿನ 1400 ರೂಪಾಯಿ ಇಟ್ಟಿದ್ದರೂ ಸಾಕಿತ್ತು!

ಬ್ಯಾಲೆನ್ಸ್ ಕಮ್ಮಿಯಾದರೆ ಬ್ಯಾಂಕು ಮೊದಲು ತಿಳಿಸಿ ಒಂದು ತಿಂಗಳು ಸಮಯ ಕೊಡಬೇಕು, ದಂಡದಿಂದಾಗಿ ಖಾತೆ ಮೈನಸ್‌ಗೆ ಇಳಿಯಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಉಂಟು. ಆದರೆ ಆ ಮೆಸೇಜನ್ನು ನಾವು ಓದಬೇಕಲ್ಲ!

ಹೊಸ ಖಾತೆ ತೆರೆಯುವವರು ಕೌಂಟರಿನಲ್ಲಿ 'ಬಿ.ಎಸ್.ಬಿ.ಡಿ. ಖಾತೆ ಬೇಕು' ಅಂತಲೇ ಕೇಳಿ. ಎಲ್ಲಾ ಬ್ಯಾಂಕುಗಳೂ ಕೊಡಲೇಬೇಕಾದ ಮೂಲ ಉಳಿತಾಯ ಖಾತೆ ಇದು. ಕನಿಷ್ಠ ಬ್ಯಾಲೆನ್ಸ್ ಬೇಡ, ಎಟಿಎಂ ಕಾರ್ಡಿಗೆ ವಾರ್ಷಿಕ ಶುಲ್ಕ ಇಲ್ಲ, ತಿಂಗಳಿಗೆ ನಾಲ್ಕು ವಿತ್‌ಡ್ರಾ ಉಚಿತ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು ಅಷ್ಟೇ. ಬೇರೆ 'ಝೀರೋ ಬ್ಯಾಲೆನ್ಸ್' ಖಾತೆಯಾದರೆ ಕಾರ್ಡ್ ಮತ್ತು ಎಸ್ಸೆಮ್ಮೆಸ್ ಶುಲ್ಕ ಕೇಳಿಕೊಳ್ಳಿ. ವರ್ಷಕ್ಕೆ 200 ರೂಪಾಯಿ ಕಾರ್ಡ್ ಶುಲ್ಕ ಅಂದರೆ ಜಿಎಸ್‌ಟಿ ಸೇರಿ 236.

ಇನ್ನು ಊರಿನ ಹಳೇ ಖಾತೆ. ಅವನ ಪಾಸ್‌ಬುಕ್ಕಿನಲ್ಲಿ ಸಿಂಡಿಕೇಟ್ ಬ್ಯಾಂಕಿನ ಹೆಸರಿತ್ತು. ನಮ್ಮ ಕರಾವಳಿಯಲ್ಲೇ ಹುಟ್ಟಿದ ಆ ಬ್ಯಾಂಕು 2020ರಲ್ಲಿ ಕೆನರಾದೊಳಗೆ ಸೇರಿತು. ಕಾರ್ಪೊರೇಷನ್ ಬ್ಯಾಂಕಿನ ಪಾಸ್‌ಬುಕ್ ಇದ್ದರೆ ಯೂನಿಯನ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕಿನದಾದರೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಚಾರಿಸಿ. ಎರಡು ವರ್ಷ ನಾವು ಮುಟ್ಟದ ಖಾತೆ ನಿಷ್ಕ್ರಿಯವಾಗುತ್ತದೆ. ಆದರೂ ಬಡ್ಡಿ ಬರುತ್ತದೆ, ಕನಿಷ್ಠ ಬ್ಯಾಲೆನ್ಸ್ ದಂಡ ಇಲ್ಲ. ಕೆವೈಸಿ ಕೊಟ್ಟು ಪುನಃ ಚಾಲೂ ಮಾಡಿಸಲು ಶುಲ್ಕವೂ ಇಲ್ಲ. ಹತ್ತು ವರ್ಷ ಬಿಟ್ಟರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಗಲೂ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು.

ಯಾವುದನ್ನೂ ಮುಚ್ಚುವ ಮೊದಲು ಮೈ ಆಧಾರ್ ಪೋರ್ಟಲ್‌ನಲ್ಲಿ Bank Seeding Status ನೋಡಿ. ಆಧಾರ್ ಮೂಲಕ ಬರುವ ಸ್ಕಾಲರ್‌ಶಿಪ್ ಅಲ್ಲಿ ಕಾಣುವ ಬ್ಯಾಂಕಿಗೇ ಹೋಗುವುದು. ರೂಮ್‌ಮೇಟ್ ನೋಡಿದಾಗ ಇದ್ದದ್ದು, ಅವನು ಮುಚ್ಚಬೇಕೆಂದಿದ್ದ ಆ ಮೂರನೇ ಖಾತೆ! ಮೊದಲು ಪುತ್ತೂರಿನ ಖಾತೆಗೆ ಆಧಾರ್ ಜೋಡಿಸಿ, ಸ್ಟೇಟಸ್ ಬದಲಾದ ಮೇಲೆಯೇ ಅದನ್ನು ಮುಚ್ಚಿದ.